ಮೈನಸ್ ಆರು ನಂಬರ್‌ಗೆ 9,200 ರೂಪಾಯಿಯ ಬ್ಲೂ ಕಟ್ ಕನ್ನಡಕ ಬೇಕಾ? ಹಾಸನದಲ್ಲಿ ಅಂಗಡಿ ಹೇಗೆ ಆರಿಸುವುದು?

ಸಹನಾ, ಹಾಸನ

ಎಲ್ಲರಿಗೂ ನಮಸ್ಕಾರ. ಹೊಸ ಕನ್ನಡಕ ಮಾಡಿಸಬೇಕು. ಬಲಗಣ್ಣು ಮೈನಸ್ 6.00, ಎಡಗಣ್ಣು ಮೈನಸ್ 5.75, ಎಡಕ್ಕೆ ಸ್ವಲ್ಪ ಸಿಲಿಂಡರ್ ಕೂಡ ಇದೆ. ಚೀಟಿ ಕಣ್ಣಿನ ಡಾಕ್ಟರೇ ಬರೆದದ್ದು, ಹಾಗಾಗಿ ನಂಬರ್ ಬಗ್ಗೆ ಅನುಮಾನ ಇಲ್ಲ. ಬ್ಯಾಂಕ್ ಕೆಲಸ, ಬೆಳಿಗ್ಗೆಯಿಂದ ಸಂಜೆವರೆಗೂ ಕಂಪ್ಯೂಟರ್ ಮುಂದೆ.

ಬಿ.ಎಂ. ರಸ್ತೆ ಕಡೆ ಎರಡು ಅಂಗಡಿಗೆ ಹೋಗಿ ಬಂದೆ. ಮೊದಲನೆಯವರು ದೊಡ್ಡ ಚೌಕದ ಫ್ರೇಮು ತೋರಿಸಿ, ಇದಕ್ಕೆ 1.67 ಇಂಡೆಕ್ಸಿನ ಬ್ಲೂ ಕಟ್ ಗ್ಲಾಸೇ ಹಾಕಬೇಕು, ಇಲ್ಲದಿದ್ದರೆ ಅಂಚು ತುಂಬಾ ದಪ್ಪ ಬರುತ್ತದೆ ಅಂದರು. ಒಟ್ಟು 9,200. ಆಮೇಲೆ ಒಂದು ನೀಲಿ ಬೆಳಕಿನ ಪೆನ್ನು ತಂದು ಒಂದು ಕಾರ್ಡಿನ ಮೇಲೆ ಬಿಟ್ಟರು. ಮಾಮೂಲಿ ಗ್ಲಾಸ್ ಅಡ್ಡ ಇಟ್ಟರೆ ಬೆಳಕು ದಾಟಿ ಕಾರ್ಡಿನ ಮೇಲೆ ಬೀಳುತ್ತದೆ, ಬ್ಲೂ ಕಟ್ ಇಟ್ಟರೆ ಪೂರ್ತಿ ನಿಂತುಹೋಗುತ್ತದೆ. ನೋಡಿದರೆ ನಂಬಲೇಬೇಕು ಅನ್ನಿಸುತ್ತದೆ. ಎರಡನೆಯ ಅಂಗಡಿಯವರು ಸಣ್ಣ ಫ್ರೇಮು ತಗೊಳ್ಳಿ, 1.60 ಸಾಕು, 4,300ಕ್ಕೆ ಆಗುತ್ತದೆ ಅಂದರು. ಅವರು ಪೆನ್ನೂ ತೋರಿಸಲಿಲ್ಲ, ಜಾಸ್ತಿ ಮಾತೂ ಆಡಲಿಲ್ಲ.

ಯಾರನ್ನು ನಂಬಬೇಕು? ದುಡ್ಡು ಹಾಕೋಣ, ಆದರೆ ಸುಮ್ನೆ ಹಾಕಬಾರದು ಅಲ್ವಾ.

ರಮೇಶ, ಚನ್ನರಾಯಪಟ್ಟಣ

ಮೇಡಂ, ಯೋಚನೆ ಮಾಡಬೇಡಿ, 1.67 ತಗೊಳ್ಳಿ. ಇಂಡೆಕ್ಸ್ ಜಾಸ್ತಿ ಆದಷ್ಟೂ ಗ್ಲಾಸ್ ತೆಳು, ಅಷ್ಟೂ ಒಳ್ಳೆಯದು. ಬ್ಲೂ ಕಟ್ ಅಂತೂ ಕಂಪ್ಯೂಟರ್ ಕೆಲಸದವರಿಗೆ ಕಡ್ಡಾಯ. ನೀಲಿ ಬೆಳಕು ರೆಟಿನಾಗೆ ಕೆಟ್ಟದ್ದು ಅಂತ ಎಲ್ಲ ಕಡೆ ಹೇಳುತ್ತಾರೆ. ನಾನು ಹಾಕಿಕೊಂಡ ಮೇಲೆ ಕಣ್ಣುರಿ ಕಮ್ಮಿ ಆಗಿದೆ. ಕಣ್ಣಿನ ವಿಷಯದಲ್ಲಿ ಕಡಿಮೆ ದುಡ್ಡು ನೋಡಬಾರದು.

ವಿನುತಾ, ಚಿಕ್ಕಮಗಳೂರು

ನಾನು ಆಪ್ಟೊಮೆಟ್ರಿ ಓದಿ, ಕೆಲವು ವರ್ಷ ಕಣ್ಣಾಸ್ಪತ್ರೆಯಲ್ಲಿದ್ದು, ಈಗ ಗ್ಲಾಸ್ ತಯಾರಿಸುವ ಲ್ಯಾಬಿನ ಕೆಲಸದಲ್ಲಿದ್ದೇನೆ. ಸಹನಾ ಅವರೇ, ಎರಡು ವಿಷಯ ಹೇಳಿ. ಆ ಎರಡೂ ಫ್ರೇಮಿನ ಕಡ್ಡಿಯ ಒಳಗಡೆ ಸಣ್ಣ ಅಕ್ಷರದಲ್ಲಿ ಅಳತೆ ಬರೆದಿರುತ್ತದೆ, 52□18-140 ಅನ್ನೋ ಥರ. ಅದು ಎಷ್ಟಿತ್ತು? ನಿಮ್ಮ ಪಿಡಿ, ಅಂದರೆ ಎರಡು ಕಣ್ಣುಗೊಂಬೆಗಳ ನಡುವಿನ ದೂರ, ಯಾರಾದರೂ ಅಳೆದರಾ?

ಸಹನಾ, ಹಾಸನ

ಫೋನಿನಲ್ಲಿ ಫೋಟೊ ತೆಗೆದುಕೊಂಡಿದ್ದೆ, ನೋಡಿದೆ. ದೊಡ್ಡದು 54□17, ಸಣ್ಣದು 46□20. ಪಿಡಿ ಎರಡನೆಯ ಅಂಗಡಿಯವರು ಸ್ಕೇಲ್ ಹಿಡಿದು ಅಳೆದು 62 ಅಂತ ಬರೆದರು. ಮೊದಲನೆಯವರು ಅಳೆಯಲಿಲ್ಲ, ಆರ್ಡರ್ ಕೊಟ್ಟ ಮೇಲೆ ಅಳೆಯುತ್ತಾರೋ ಏನೋ.

ವಿನುತಾ, ಚಿಕ್ಕಮಗಳೂರು

ಸರಿ, ಇಷ್ಟು ಗೊತ್ತಾದರೆ ಲೆಕ್ಕ ಇಲ್ಲೇ ಮಾಡಬಹುದು.

ಮೈನಸ್ ಗ್ಲಾಸು ನಡುವೆ ತೆಳು, ಅಂಚಿಗೆ ಹೋದಂತೆ ದಪ್ಪ. ಆ ತೆಳು ಜಾಗ ನಿಮ್ಮ ಕಣ್ಣುಗೊಂಬೆಯ ನೇರಕ್ಕೆ ಬರಬೇಕು. ದೊಡ್ಡ ಫ್ರೇಮಿನಲ್ಲಿ ಒಂದೊಂದು ಗ್ಲಾಸ್ 54 ಮಿ.ಮೀ. ಅಗಲ, ನಡುವೆ ಮೂಗಿನ ಸೇತುವೆ 17. ಎರಡೂ ಕೂಡಿದರೆ 71. ಅಂದರೆ ಫ್ರೇಮಿನ ಒಂದು ಗ್ಲಾಸಿನ ನಡುವಿನಿಂದ ಇನ್ನೊಂದರ ನಡುವಿಗೆ 71 ಮಿ.ಮೀ. ನಿಮ್ಮ ಕಣ್ಣುಗಳ ದೂರ 62 ಮಾತ್ರ. ಉಳಿದ 9ರಲ್ಲಿ ಅರ್ಧ, ಅಂದರೆ ಒಂದೊಂದು ಕಡೆ ನಾಲ್ಕೂವರೆ ಮಿ.ಮೀ., ಗ್ಲಾಸಿನ ಕೇಂದ್ರವನ್ನು ಮೂಗಿನ ಕಡೆಗೆ ಸರಿಸಲೇಬೇಕು. ಆಗ ಕಿವಿ ಕಡೆಯ ಅಂಚು ಕೇಂದ್ರದಿಂದ 27 ಅಲ್ಲ, ಮೂವತ್ತೊಂದೂವರೆ ಮಿ.ಮೀ. ದೂರ ಹೋಗುತ್ತದೆ. ಸಣ್ಣ ಫ್ರೇಮಿನಲ್ಲಿ 46ಕ್ಕೆ 20 ಕೂಡಿದರೆ 66, ಸರಿಸಬೇಕಾದ್ದು ಎರಡೇ ಮಿ.ಮೀ., ಅಂಚಿನ ದೂರ 25.

ಮುಖ್ಯ ಏನಂದರೆ, ದಪ್ಪ ಆ ದೂರದ ವರ್ಗಕ್ಕೆ ತಕ್ಕಂತೆ ಏರುತ್ತದೆ. ದೂರ ಕಾಲು ಭಾಗ ಜಾಸ್ತಿ ಆದರೆ ಅಂಚು ದಪ್ಪಗಾಗುವ ಪ್ರಮಾಣ ಅರ್ಧಕ್ಕಿಂತ ಜಾಸ್ತಿ ಏರುತ್ತದೆ. ನಡುವಿನ ದಪ್ಪ ಒಂದೂವರೆ ಮಿ.ಮೀ. ಅಂತ ಇಟ್ಟುಕೊಂಡರೆ, ಮೈನಸ್ ಆರಕ್ಕೆ ಸುಮಾರು ಹೀಗೆ ಬರುತ್ತದೆ: ದೊಡ್ಡ ಫ್ರೇಮಿನಲ್ಲಿ 1.60 ಹಾಕಿದರೆ ಕಿವಿ ಕಡೆ ಆರೂವರೆ ಮಿ.ಮೀ. ಅದೇ ಫ್ರೇಮಿಗೆ 1.67 ಹಾಕಿದರೆ ಆರರ ಹತ್ತಿರ. ಇನ್ನೂ ದುಬಾರಿ 1.74 ಹಾಕಿದರೂ ಐದೂವರೆ. ಸಣ್ಣ ಫ್ರೇಮಿಗೆ 1.60 ಹಾಕಿದರೆ ನಾಲ್ಕೂವರೆಗಿಂತ ಒಂಚೂರು ಮೇಲೆ, ಅಷ್ಟೇ.

ಅಂದರೆ ಮೊದಲ ಅಂಗಡಿಯವರು 9,200 ತಗೊಂಡು ಕೊಡುವ ಗ್ಲಾಸು, ಎರಡನೆಯವರು 4,300ಕ್ಕೆ ಕೊಡುವ ಗ್ಲಾಸಿಗಿಂತ ದಪ್ಪಗಿರುತ್ತದೆ. "ಇಲ್ಲದಿದ್ದರೆ ದಪ್ಪ ಬರುತ್ತದೆ" ಅನ್ನೋದು ಸುಳ್ಳಲ್ಲ, ಆದರೆ ದಪ್ಪ ತಂದದ್ದು ಅವರೇ ತೋರಿಸಿದ ಫ್ರೇಮು. ಜಾಸ್ತಿ ನಂಬರಿನವರು ಮೊದಲು ಫ್ರೇಮು, ಆಮೇಲೆ ಇಂಡೆಕ್ಸ್ ಯೋಚಿಸಬೇಕು. ಅಗಲ ಕಮ್ಮಿ ಇರಲಿ, ಮೂಲೆಗಳು ದುಂಡಗಿರಲಿ, ಗ್ಲಾಸಿನ ಅಗಲ ಮತ್ತು ಸೇತುವೆ ಕೂಡಿದ ಮೊತ್ತ ಪಿಡಿಗೆ ಆದಷ್ಟು ಹತ್ತಿರ ಇರಲಿ. ಪೂರ್ತಿ ಅಂಚು ಮುಚ್ಚುವ ಪ್ಲಾಸ್ಟಿಕ್ ಫ್ರೇಮಾದರೆ ಉಳಿದ ದಪ್ಪವೂ ಜಾಸ್ತಿ ಕಾಣುವುದಿಲ್ಲ.

ರಮೇಶ್ ಅವರೇ, ಅದೇ ಫ್ರೇಮಿನಲ್ಲಿ ಇಂಡೆಕ್ಸ್ ಏರಿಸಿದರೆ ತೆಳು ಆಗುತ್ತದೆ ಅನ್ನೋದು ಸರಿ. ಆದರೆ "ಜಾಸ್ತಿ ಆದಷ್ಟೂ ಒಳ್ಳೆಯದು" ಅನ್ನುವಂತಿಲ್ಲ. 1.67 ಗ್ಲಾಸು 1.60ಗಿಂತ ಬಣ್ಣಗಳನ್ನು ಜಾಸ್ತಿ ಚದುರಿಸುತ್ತದೆ. ಜಾಸ್ತಿ ನಂಬರಿನವರು ಗ್ಲಾಸಿನ ಅಂಚಿನಿಂದ ಟ್ಯೂಬ್‌ಲೈಟ್ ನೋಡಿದರೆ ಒಂದು ಕಡೆ ನೀಲಿ, ಇನ್ನೊಂದು ಕಡೆ ಹಳದಿ ಗೆರೆ ಕಾಣುವುದು ಇದರಿಂದಲೇ. ಕೆಲವರಿಗೆ ಗೊತ್ತೇ ಆಗುವುದಿಲ್ಲ, ಕೆಲವರಿಗೆ ದಿನವಿಡೀ ಕಿರಿಕಿರಿ.

ನಾಗರತ್ನ, ಬೇಲೂರು

ನನಗೂ ಇದೇ ತೊಂದರೆ ಕಣಮ್ಮ. ಹೊಸ ಕನ್ನಡಕ ಹಾಕಿದರೆ ಮೆಟ್ಟಿಲು ಇಳಿಯುವಾಗ ನೆಲ ತೇಲಿದ ಹಾಗೆ ಆಗುತ್ತದೆ. ಪುಸ್ತಕ ಓದುವಾಗ ಗಲ್ಲ ಎತ್ತಿ ಎತ್ತಿ ಕತ್ತು ನೋವು. ದೂರಕ್ಕೂ ಹತ್ತಿರಕ್ಕೂ ಒಂದೇ ಗ್ಲಾಸ್, ನಡುವೆ ಗೆರೆ ಇಲ್ಲದ್ದು. ನಾನೂ 1.60 ಹಾಕಿಸಿದರೆ ಸರಿ ಹೋಗುತ್ತಾ?

ವಿನುತಾ, ಚಿಕ್ಕಮಗಳೂರು

ಅಮ್ಮಾ, ನಿಮ್ಮದು ಪ್ರೋಗ್ರೆಸ್ಸಿವ್ ಗ್ಲಾಸು, ಇಂಡೆಕ್ಸಿಗೂ ನಿಮ್ಮ ತೊಂದರೆಗೂ ಸಂಬಂಧ ಇಲ್ಲ. ಮೆಟ್ಟಿಲು ತೇಲುವುದು ಹೊಸದರಲ್ಲಿ ಎಲ್ಲರಿಗೂ ಸ್ವಲ್ಪ ಇರುತ್ತದೆ, ಯಾಕಂದರೆ ಓದುವ ನಂಬರಿನ ಭಾಗದಿಂದ ನೆಲ ನೋಡುತ್ತೀರಿ. ಇಳಿಯುವಾಗ ತಲೆಯನ್ನೇ ಬಗ್ಗಿಸಿ ನೋಡಬೇಕು. ಆದರೆ ಓದಲು ಗಲ್ಲ ಜಾಸ್ತಿ ಎತ್ತಬೇಕಾಗುತ್ತಿದೆ ಅಂದರೆ ಗ್ಲಾಸಿನ ಓದುವ ಭಾಗ ತೀರಾ ಕೆಳಗೆ ಕೂತಿರಬಹುದು, ಅಥವಾ ಕನ್ನಡಕವೇ ಮೂಗಿನ ಮೇಲೆ ಜಾರುತ್ತಿರಬಹುದು. ಮಾಡಿಸಿದ ಅಂಗಡಿಗೆ ಹೋಗಿ, ನೀವು ಹಾಕಿಕೊಂಡು ನೇರ ನೋಡುತ್ತಿರುವಾಗ ಅವರು ಗ್ಲಾಸಿನ ಮೇಲೆ ಪೆನ್ನಿನಿಂದ ಕಣ್ಣುಗೊಂಬೆಯ ಗುರುತು ಹಾಕಿ ನೋಡಲಿ. ಮೊದಲು ಆರ್ಡರ್ ತಗೊಂಡಾಗ ಆ ಗುರುತು ಹಾಕಿದ್ದರಾ, ನೆನಪಿದೆಯಾ?

ನಾಗರತ್ನ, ಬೇಲೂರು

ಇಲ್ಲಮ್ಮ. ಫ್ರೇಮು ಆರಿಸಿದೆ, ದುಡ್ಡು ಕೊಟ್ಟೆ, ಬಂದೆ. ಮಗನನ್ನು ಕರೆದುಕೊಂಡು ಹೋಗಿ ಕೇಳುತ್ತೇನೆ.

ರಮೇಶ, ಚನ್ನರಾಯಪಟ್ಟಣ

ಫ್ರೇಮಿನ ಲೆಕ್ಕ ಒಪ್ಪಿದೆ, ಅದು ನನಗೆ ಹೊಸದು. ಆದರೆ ಬ್ಲೂ ಕಟ್ ಬಗ್ಗೆ ಏನೂ ಹೇಳಲಿಲ್ಲ. ಪೆನ್ನಿನ ಬೆಳಕು ಕಣ್ಣೆದುರೇ ನಿಂತುಹೋಗುತ್ತದಲ್ಲ, ಅದು ಸುಳ್ಳಾ?

ವಿನುತಾ, ಚಿಕ್ಕಮಗಳೂರು

ಸುಳ್ಳಲ್ಲ. ಆದರೆ ಪೆನ್ನು ತೋರಿಸುವ ಬೆಳಕೇ ಬೇರೆ, ನಿಮ್ಮ ಕಂಪ್ಯೂಟರಿನ ಬೆಳಕೇ ಬೇರೆ.

ಆ ಪೆನ್ನುಗಳಲ್ಲಿ ಸಾಮಾನ್ಯವಾಗಿ ಬರುವುದು 405 ನ್ಯಾನೊಮೀಟರ್ ಆಸುಪಾಸಿನ ನೇರಳೆ ಲೇಸರ್. ಅಂಗಡಿಯಲ್ಲಿ ಸಿಗುವ ಬಿಳಿ ಬ್ಲೂ ಕಟ್ ಗ್ಲಾಸು, ಕವರ್ ಮೇಲೆ UV420 ಅಂತ ಬರೆದಿರುತ್ತದಲ್ಲ, ಅದು ಸುಮಾರು 420ರವರೆಗಿನದ್ದನ್ನು ತಡೆಯುವ ಹಾಗೆ ಮಾಡಿದ್ದು. ಹಾಗಾಗಿ 405ರ ಬೆಳಕು ಪೂರ್ತಿ ನಿಂತುಹೋಗುತ್ತದೆ, ಇದರಲ್ಲಿ ಮೋಸ ಇಲ್ಲ. ಆದರೆ ಎಲ್‌ಇಡಿ ಪರದೆಯ ನೀಲಿ ಬೆಳಕು ಜಾಸ್ತಿ ಇರುವುದು 450ರ ಸುತ್ತ. ಅಲ್ಲಿ ಈ ಗ್ಲಾಸು ಬಹುಪಾಲು ಬೆಳಕನ್ನು ಒಳಗೆ ಬಿಡುತ್ತದೆ. ಬಿಡಲೇಬೇಕು, 450ನ್ನೂ ಪೂರ್ತಿ ತಡೆದರೆ ಗ್ಲಾಸು ಗಾಢ ಹಳದಿಯಾಗಿ ಲೋಕವೆಲ್ಲ ಅರಿಶಿನ ಬಳಿದ ಹಾಗೆ ಕಾಣುತ್ತದೆ. ನೀವೇ ಪರೀಕ್ಷೆ ಮಾಡಿ: ನಿಮ್ಮ ಬ್ಲೂ ಕಟ್ ಕನ್ನಡಕದಿಂದ ಫೋನಿನಲ್ಲಿ ಒಂದು ನೀಲಿ ಚಿತ್ರ ನೋಡಿ. ನೀಲಿ ನೀಲಿಯಾಗಿಯೇ ಕಾಣುತ್ತದೆ ಅಂದರೆ ಆ ಬೆಳಕು ದಾಟಿ ಬರುತ್ತಿದೆ ಅಂತಲೇ ಅರ್ಥ.

ಕಣ್ಣಿಗೆ ಆಯಾಸ ಕಮ್ಮಿ ಆಗುತ್ತದಾ ಅನ್ನೋದಕ್ಕೆ 2023ರಲ್ಲಿ, ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆಯ ವಿಮರ್ಶೆ ಬಂತು. 17 ಪ್ರಯೋಗಗಳನ್ನು ಒಟ್ಟಿಗೆ ನೋಡಿದರು. ಕಂಪ್ಯೂಟರ್ ಕೆಲಸದಿಂದ ಬರುವ ಆಯಾಸದಲ್ಲಿ, ಬಳಸಿದ ಆ ಸ್ವಲ್ಪ ಕಾಲದ ಮಟ್ಟಿಗೆ, ಬ್ಲೂ ಕಟ್‌ಗೂ ಮಾಮೂಲಿ ಗ್ಲಾಸಿಗೂ ವ್ಯತ್ಯಾಸ ಇರಲಿಕ್ಕಿಲ್ಲ ಅಂತ ಬಂತು. ನಿದ್ದೆಯ ವಿಷಯದಲ್ಲಿ ಯಾವ ಕಡೆಗೂ ಹೇಳುವಂತಿರಲಿಲ್ಲ. ರೆಟಿನಾಗೆ ರಕ್ಷಣೆ ಸಿಗುತ್ತದೆ ಅಂತ ತೋರಿಸುವ ಪುರಾವೆಯೂ ಆ ಪ್ರಯೋಗಗಳಲ್ಲಿ ಇರಲಿಲ್ಲ. ಪರದೆಯಿಂದ ಬರುವ ನೀಲಿ ಬೆಳಕು, ಹಗಲು ಅಂಗಳಕ್ಕೆ ಬಂದು ಆಕಾಶ ನೋಡಿದಾಗ ಬರುವುದರ ಮುಂದೆ ಬಹಳ ಕಮ್ಮಿ.

ಉರಿ ಬರುವುದು ಬೇರೆ ಕಾರಣಕ್ಕೆ. ಪರದೆ ನೋಡುವಾಗ ನಾವು ರೆಪ್ಪೆ ಮಿಟುಕಿಸುವುದೇ ಕಮ್ಮಿ, ಕಣ್ಣು ಒಣಗುತ್ತದೆ. ಫ್ಯಾನು, ಎಸಿ ನೇರ ಮುಖಕ್ಕೆ ಬಡಿದರೆ ಇನ್ನೂ ಜಾಸ್ತಿ. ಸಹನಾ ಅವರೇ, ಪರದೆಯನ್ನು ಕಣ್ಣಿನ ಮಟ್ಟಕ್ಕಿಂತ ಸ್ವಲ್ಪ ಕೆಳಗೆ ಇಟ್ಟುಕೊಳ್ಳಿ, ಆಗ ರೆಪ್ಪೆ ಅಷ್ಟು ಅಗಲ ತೆರೆಯಬೇಕಾಗಿಲ್ಲ.

ರಮೇಶ, ಚನ್ನರಾಯಪಟ್ಟಣ

ಆದರೂ ನನಗೆ ಆರಾಮ ಸಿಕ್ಕಿದ್ದು ನಿಜ ಮೇಡಂ. ಹಳೇ ಕನ್ನಡಕಕ್ಕೂ ಇದಕ್ಕೂ ವ್ಯತ್ಯಾಸ ಗೊತ್ತಾಗುತ್ತದೆ.

ವಿನುತಾ, ಚಿಕ್ಕಮಗಳೂರು

ಆರಾಮ ಸಿಕ್ಕಿಲ್ಲ ಅಂತ ನಾನು ಹೇಳುವುದಿಲ್ಲ. ಆದರೆ ಹೊಸ ಕನ್ನಡಕದ ಜೊತೆ ನಂಬರೂ ಹೊಸದಾಗಿತ್ತಾ? ಹಳೆಯದರಲ್ಲಿ ಪ್ರತಿಫಲನ ತಡೆಯುವ ಕೋಟಿಂಗ್ ಇತ್ತಾ? ಇದರಲ್ಲಿ ಯಾವುದಾದರೂ ಬದಲಾಗಿದ್ದರೆ ಆರಾಮ ಅದರಿಂದಲೂ ಬಂದಿರಬಹುದು.

ರಮೇಶ, ಚನ್ನರಾಯಪಟ್ಟಣ

ನಂಬರ್ ಬದಲಾಗಿತ್ತು. ಆದರೂ ನನಗೆ ಪೂರ್ತಿ ಒಪ್ಪಿಗೆ ಇಲ್ಲ. ಮುಂದಿನ ಸಲವೂ ಬ್ಲೂ ಕಟ್ಟೇ ಹಾಕಿಸುತ್ತೇನೆ.

ಮಂಜುನಾಥ, ಅರಸೀಕೆರೆ

ನಮ್ಮದು ಕನ್ನಡಕದ ಅಂಗಡಿ, ತಂದೆಯವರ ಕಾಲದಿಂದ. ಅಂಗಡಿಯವರ ಕಡೆಯಿಂದ ಒಂದು ಮಾತು. ಈಗ ಕಮ್ಮಿ ನಂಬರಿನ ರೆಡಿ ಗ್ಲಾಸುಗಳಲ್ಲಿ ಬಹಳಷ್ಟು ಬ್ಲೂ ಕಟ್ ಆಗಿಯೇ ಬರುತ್ತಿವೆ, ನಮಗೆ ಬೀಳುವ ರೇಟಿನಲ್ಲಿ ವ್ಯತ್ಯಾಸ ಜಾಸ್ತಿ ಇಲ್ಲ. ಹಾಗಾಗಿ ಗಿರಾಕಿ ಕೇಳಿದರೆ ಕೊಡುತ್ತೇವೆ, ತಪ್ಪೇನಿಲ್ಲ. ಆದರೆ ಬ್ಲೂ ಕಟ್ ಹೆಸರಲ್ಲಿ ಎರಡು ಮೂರು ಸಾವಿರ ಜಾಸ್ತಿ ಹಾಕುವುದು ಸರಿಯಲ್ಲ.

ಕೋಟಿಂಗಿಗೆ ದುಡ್ಡು ಹಾಕುವುದಾದರೆ ಪ್ರತಿಫಲನ ತಡೆಯುವ ಎಆರ್‌ಸಿಗೆ ಹಾಕಿ. 1.60, 1.67 ಗ್ಲಾಸುಗಳ ಮೇಲ್ಮೈ ಮಾಮೂಲಿ ಗ್ಲಾಸಿಗಿಂತ ಜಾಸ್ತಿ ಬೆಳಕು ವಾಪಸ್ ಹೊಡೆಯುತ್ತದೆ, ಅದಿಲ್ಲದೆ ಅವನ್ನು ಹಾಕಿಸಲೇಬಾರದು. ಇದೆಯೋ ಇಲ್ಲವೋ ನೋಡುವುದು ಸುಲಭ. ಗ್ಲಾಸನ್ನು ಟ್ಯೂಬ್‌ಲೈಟ್ ಕೆಳಗೆ ಓರೆ ಮಾಡಿ ಹಿಡಿಯಿರಿ. ಟ್ಯೂಬಿನ ಬಿಂಬ ಬೆಳ್ಳಗೆ, ಜೋರಾಗಿ ಕಂಡರೆ ಕೋಟಿಂಗ್ ಇಲ್ಲ. ಮಂಕಾಗಿ ಹಸಿರು ಅಥವಾ ನೀಲಿ ಬಣ್ಣದಲ್ಲಿ ಕಂಡರೆ ಇದೆ. ಎರಡೂ ಮುಖ ನೋಡಿ, ಒಳಗಡೆಯದ್ದೂ ಮುಖ್ಯ.

ಇನ್ನೊಂದು, ಯುವಿ ರಕ್ಷಣೆಗೆ ಅಂತ ಬೇರೆ ದುಡ್ಡು ಕೇಳಿದರೆ ಕೊಡಬೇಡಿ. 1.60, 1.67 ಗ್ಲಾಸಿನ ವಸ್ತುವಿನಲ್ಲೇ ಅದು ಇರುತ್ತದೆ.

ಇಮ್ರಾನ್, ಸಕಲೇಶಪುರ

ಅಣ್ಣಾ, ನಾನು ರಾತ್ರಿ ಶಿರಾಡಿ ಘಾಟಿನಲ್ಲಿ ಗಾಡಿ ಓಡಿಸುತ್ತೇನೆ. ಎದುರಿನ ಲಾರಿ ಲೈಟು ಹೊಡೆದರೆ ಏನೂ ಕಾಣಲ್ಲ. ಒಬ್ಬರು ರಾತ್ರಿ ಡ್ರೈವಿಂಗಿಗೆ ಅಂತ ಹಳದಿ ಗ್ಲಾಸ್ ಕೊಡುತ್ತೇನೆ ಅಂದರು. ಎಆರ್‌ಸಿ ಹಾಕಿದರೆ ಸಾಕಾ?

ಮಂಜುನಾಥ, ಅರಸೀಕೆರೆ

ಹಳದಿ ಗ್ಲಾಸು ರಾತ್ರಿಗೆ ಬೇಡ ತಮ್ಮಾ. ಅದು ಒಳಗೆ ಬರುವ ಬೆಳಕನ್ನೇ ಕಮ್ಮಿ ಮಾಡುತ್ತದೆ, ಕತ್ತಲಲ್ಲಿ ರಸ್ತೆ ಬದಿ ನಡೆಯುವವರು ಇನ್ನೂ ಕಾಣುವುದಿಲ್ಲ. ಎಆರ್‌ಸಿ ಹಾಕಿದರೆ ಗ್ಲಾಸಿನೊಳಗೇ ಲೈಟಿನ ಎರಡೆರಡು ನೆರಳು ಬಿಂಬ ಕಾಣುವುದು ಕಮ್ಮಿ ಆಗುತ್ತದೆ. ಆದರೆ ಹೈ ಬೀಮ್ ನೇರ ಕಣ್ಣಿಗೆ ಬಿದ್ದರೆ ಅದನ್ನು ಯಾವ ಕೋಟಿಂಗೂ ತಡೆಯುವುದಿಲ್ಲ. ಗಾಡಿಯ ಮುಂದಿನ ಗಾಜು ಒಳಗಿನಿಂದ ಒರೆಸಿ ಇಟ್ಟುಕೊಳ್ಳಿ. ಒಂದು ಸಲ ಡಾಕ್ಟರಿಗೂ ತೋರಿಸಿ, ನಂಬರ್ ಸರಿಯಿಲ್ಲದಿದ್ದರೆ, ಪೊರೆ ಶುರುವಾಗಿದ್ದರೆ ಕೂಡ ಹೀಗೇ ಆಗುತ್ತದೆ.

ಕನ್ನಡಕವನ್ನು ಬಿಸಿಲಲ್ಲಿ ನಿಲ್ಲಿಸಿದ ಗಾಡಿಯ ಡ್ಯಾಶ್‌ಬೋರ್ಡ್ ಮೇಲೆ ಬಿಡಬೇಡಿ. ಬಿಸಿಗೆ ಗ್ಲಾಸು ಹಿಗ್ಗುತ್ತದೆ, ಮೇಲಿನ ಕೋಟಿಂಗ್ ಅಷ್ಟು ಹಿಗ್ಗುವುದಿಲ್ಲ, ಕೂದಲೆಳೆಯಂಥ ಬಿರುಕು ಬಿಡುತ್ತದೆ. ಗಿರಾಕಿಗಳು ಬಂದು ಗ್ಲಾಸ್ ಗೀರಿದೆ ಅಂತ ತೋರಿಸುವುದರಲ್ಲಿ ಇದೂ ಇರುತ್ತದೆ. ಬಿಸಿ ನೀರಲ್ಲಿ ತೊಳೆದರೂ ಇದೇ ಕಥೆ.

ಸಹನಾ, ಹಾಸನ

ಎಲ್ಲರಿಗೂ ಧನ್ಯವಾದ. ಸಣ್ಣ ಫ್ರೇಮಿಗೇ ಆರ್ಡರ್ ಕೊಟ್ಟೆ, 1.60, ಎಆರ್‌ಸಿ ಇರುವುದು, ಬ್ಲೂ ಕಟ್ ಬೇಡ ಅಂದೆ. ಸಿಲಿಂಡರ್ ಇರುವುದರಿಂದ ಗ್ಲಾಸು ಬೆಂಗಳೂರಿನಿಂದ ಬರಬೇಕಂತೆ. ಬಂದಾಗ ಏನು ನೋಡಿ ತಗೊಳ್ಳಬೇಕು ಅಂತಲೂ ಹೇಳಿಬಿಡಿ.

ವಿನುತಾ, ಚಿಕ್ಕಮಗಳೂರು

ಗ್ಲಾಸು ಬಂದ ಕವರ್ ಕೇಳಿ ಇಸಿದುಕೊಳ್ಳಿ. ಅದರ ಮೇಲೆ ಕಂಪನಿ, ಇಂಡೆಕ್ಸ್, ಕೋಟಿಂಗ್, ನಂಬರ್ ಬರೆದಿರುತ್ತದೆ. ಬಿಲ್ಲಿನಲ್ಲೂ ಅದೇ ಇರಬೇಕು, ಬರೀ "ಗ್ಲಾಸ್, ಫ್ರೇಮ್" ಅಂತ ಬರೆದ ಬಿಲ್ಲು ಬೇಡ. ಆಮೇಲೆ ಲೆನ್ಸೋಮೀಟರಿನಲ್ಲಿ ನಿಮ್ಮೆದುರೇ ಇಟ್ಟು ನೋಡಲು ಹೇಳಿ. ನಂಬರ್, ಸಿಲಿಂಡರ್, ಅದರ ಆಕ್ಸಿಸ್ ಚೀಟಿಗೆ ತಾಳೆ ಆಗಬೇಕು. ಅದೇ ಯಂತ್ರದಲ್ಲಿ ಎರಡೂ ಗ್ಲಾಸಿನ ಕೇಂದ್ರಕ್ಕೆ ಶಾಯಿಯ ಚುಕ್ಕೆ ಹಾಕಬಹುದು. ಆ ಎರಡು ಚುಕ್ಕೆಗಳ ನಡುವೆ ಸ್ಕೇಲ್ ಇಟ್ಟರೆ 62 ಬರಬೇಕು. ಇದನ್ನು ಕೇಳಿದಾಗ ಮುಖ ಗಂಟು ಹಾಕದೆ ಮಾಡಿ ತೋರಿಸುವ ಅಂಗಡಿ ನನ್ನ ಪ್ರಕಾರ ನಂಬುವಂಥದ್ದು. ಷೋರೂಮು ದೊಡ್ಡದೋ ಸಣ್ಣದೋ ಅನ್ನೋದು ಲೆಕ್ಕಕ್ಕಿಲ್ಲ.

ಸಹನಾ, ಹಾಸನ

ಕನ್ನಡಕ ಬಂತು. ಕಿವಿ ಕಡೆ ಅಂಚಿಗೆ ಸ್ಕೇಲ್ ಹಿಡಿದರೆ ಐದು ಮಿ.ಮೀ. ಒಳಗೇ ಇದೆ, ಹಳೆಯದಕ್ಕಿಂತ ಎಷ್ಟೋ ಹಗುರ. ಕವರ್ ಕೊಟ್ಟರು, 1.60 ಅಂತಲೇ ಇದೆ. ನಂಬರೂ ಸರಿ. ಆದರೆ ಹಾಕಿಕೊಂಡರೆ ಎರಡು ಕಣ್ಣು ಒಂದಕ್ಕೊಂದು ಹೊಂದುತ್ತಿಲ್ಲ ಅನ್ನಿಸುತ್ತಿತ್ತು, ಹುಬ್ಬಿನ ಮೇಲೆ ಎಳೆತ. ಚುಕ್ಕೆ ಹಾಕಿ ಅಳೆಯಲು ಹೇಳಿದೆ. 65 ಬಂತು! ಅಂಗಡಿಯವರು ಅದು ಪರವಾಗಿಲ್ಲ, ಅಭ್ಯಾಸ ಆಗುತ್ತದೆ ಅಂದರು. ಆಗುತ್ತದಾ?

ವಿನುತಾ, ಚಿಕ್ಕಮಗಳೂರು

ಇಲ್ಲ, ವಾಪಸ್ ಕೊಡಿ. ಒಂದು, ಒಂದೂವರೆ ನಂಬರಿನವರಿಗೆ ಮೂರು ಮಿ.ಮೀ. ಗೊತ್ತಾಗದೆ ಹೋಗಬಹುದು. ಮೈನಸ್ ಆರಕ್ಕೆ ಹಾಗಲ್ಲ. ಕೇಂದ್ರ ತಪ್ಪಿದ ಸೆಂಟಿಮೀಟರನ್ನು ನಂಬರಿಗೆ ಗುಣಿಸಿದರೆ ಎಷ್ಟು ಪ್ರಿಸಂ, ಅಂದರೆ ಗ್ಲಾಸು ಬೆಳಕನ್ನು ಎಷ್ಟು ಪಕ್ಕಕ್ಕೆ ತಿರುಗಿಸುತ್ತದೆ, ಅಂತ ಸಿಗುತ್ತದೆ. 0.3ಕ್ಕೆ 6 ಗುಣಿಸಿದರೆ 1.8. ನಿಮಗೆ ಬೇಡದ ಅಷ್ಟು ಪ್ರಿಸಂ ಗ್ಲಾಸಿನಲ್ಲಿ ಕೂತಿದೆ, ಅದೂ ಕಣ್ಣುಗಳನ್ನು ಹೊರಗಡೆಗೆ ಎಳೆಯುವ ದಿಕ್ಕಿನಲ್ಲಿ. ಒಳಗೆ ತಿರುಗಿಸುವುದು ಕಣ್ಣಿಗೆ ಸುಲಭ, ಹೊರಗೆ ಎಳೆಯುವುದು ಕಷ್ಟ. ಹುಬ್ಬಿನ ಎಳೆತ ಅದಕ್ಕೇ.

ಮಂಜುನಾಥ, ಅರಸೀಕೆರೆ

ಗ್ಲಾಸು ಸರಿಯಾಗಿಯೇ ಬಂದಿದೆ, ಫ್ರೇಮಿನ ಆಕಾರಕ್ಕೆ ಕತ್ತರಿಸುವಾಗ ಕೇಂದ್ರ ಸಾಕಷ್ಟು ಒಳಗೆ ಸರಿಸಿಲ್ಲ. ಆ ಫ್ರೇಮಿನ ಮೊತ್ತ 66 ಅಲ್ವಾ, ಹೆಚ್ಚೂಕಮ್ಮಿ ನಡುವಿಗೇ ಕೂರಿಸಿಬಿಟ್ಟಿದ್ದಾರೆ. ಕತ್ತರಿಸಿದ ಮೇಲೆ ಸರಿಪಡಿಸಲು ಬರುವುದಿಲ್ಲ, ಹೊಸ ಜೋಡಿಯೇ ತರಿಸಬೇಕು. ಫಿಟಿಂಗ್ ತಪ್ಪು ಅಂಗಡಿಯದ್ದು, ಗಿರಾಕಿ ಮತ್ತೆ ದುಡ್ಡು ಕೊಡಬೇಕಾಗಿಲ್ಲ. ಡಾಕ್ಟರ ಚೀಟಿ, 62 ಅಂತ ಅವರೇ ಬರೆದ ಆರ್ಡರ್ ಚೀಟಿ ಎರಡನ್ನೂ ತೋರಿಸಿ.

ಸಹನಾ, ಹಾಸನ

ತೋರಿಸಿದೆ. ಮೊದಲು ಸ್ವಲ್ಪ ವಾದ ಮಾಡಿದರು, ಆಮೇಲೆ ಮಾಲೀಕರೇ ಬಂದು ಲೆನ್ಸೋಮೀಟರ್ ನೋಡಿ ಹೊಸ ಗ್ಲಾಸಿಗೆ ಬರೆದುಕೊಟ್ಟರು. ಬಂದದ್ದು ಇವತ್ತು ಹಾಕಿಕೊಂಡಿದ್ದೇನೆ. ಚುಕ್ಕೆಗಳ ನಡುವೆ 62, ಎಳೆತ ಇಲ್ಲ. ಅಂಚಿನಲ್ಲಿ ಬಾಗಿಲು ಚೌಕಟ್ಟು ಸ್ವಲ್ಪ ಬಾಗಿದ ಹಾಗೆ ಕಾಣುತ್ತದೆ, ಅದು ಹಳೆಯದರಲ್ಲೂ ಇತ್ತು.

ಒಂದು ಕೊನೆ ಪ್ರಶ್ನೆ. ಹಳೇ ಪ್ಲಾಸ್ಟಿಕ್ ಫ್ರೇಮು ನೋಡಲು ಚೆನ್ನಾಗಿಯೇ ಇದೆ. ಅದಕ್ಕೂ ಹೊಸ ನಂಬರ್ ಹಾಕಿಸಿ ಮನೆಗೆ ಇಟ್ಟುಕೊಳ್ಳಬಹುದಾ?

ಮಂಜುನಾಥ, ಅರಸೀಕೆರೆ

ಗ್ಲಾಸು ಕೂರಿಸಲು ಫ್ರೇಮನ್ನು ಬಿಸಿ ಮಾಡಿ ಹಿಗ್ಗಿಸಬೇಕಾಗುತ್ತದೆ. ಹಳೇ ಪ್ಲಾಸ್ಟಿಕ್ ಒಣಗಿ ಪೆಡಸಾಗಿರುತ್ತದೆ, ಆಗ ಸೀಳುತ್ತದೆ. ಕಡ್ಡಿಯ ಕೀಲಿನ ಹತ್ತಿರ ನೋಡಿ. ಅಲ್ಲಿ ಬಿಳಿಚಿದ್ದರೆ, ಸಣ್ಣ ಗೆರೆ ಕಂಡರೆ ಬೇಡ. ಹಾಗೇನೂ ಇಲ್ಲದಿದ್ದರೆ ಹಾಕಿಸಿ, ಆದರೆ ಫ್ರೇಮು ಸೀಳಿದರೆ ಯಾರ ಜವಾಬ್ದಾರಿ ಅಂತ ಮೊದಲೇ ಮಾತಾಡಿಕೊಂಡು ಕೊಡಿ.